ಗಾಲಿಗೂ ಅದೇ ಮೂರು ಸಮೀಕರಣ

ವಿಮಾನ ನೆಲ ಮುಟ್ಟಿದ ಕ್ಷಣದಲ್ಲೇ ಅದರ ದೊಡ್ಡ ಗಾಲಿಗಳ ಬುಡದಿಂದ ಬಿಳಿ ಹೊಗೆ ಗುಪ್ಪೆಂದು ಎದ್ದು ಹಿಂದಕ್ಕೆ ಚದುರಿಹೋಗುತ್ತದೆ. ಪೈಲಟ್ ಬ್ರೇಕ್ ಹಾಕಿದ್ದರಿಂದ ಹೊಗೆ ಬಂತು ಎಂದು ಹಲವರು ತಿಳಿದಿರುತ್ತಾರೆ. ಆದರೆ ಆ ಹೊತ್ತಿಗೆ ಬ್ರೇಕ್ ಇನ್ನೂ ಕೆಲಸ ಶುರು ಮಾಡಿರುವುದಿಲ್ಲ. ಗಾಳಿಯಲ್ಲಿ ಇಳಿಯುತ್ತಿದ್ದಾಗ ಗಾಲಿ ಹೆಚ್ಚುಕಡಿಮೆ ತಿರುಗದೆ ನಿಂತಿರುತ್ತದೆ. ಅದರ ಕೆಳಗಿನ ರನ್‌ವೇ ಮಾತ್ರ ಗಂಟೆಗೆ 250 ಕಿಲೋಮೀಟರ್ ವೇಗದಲ್ಲಿ ಹಿಂದಕ್ಕೆ ಓಡುತ್ತಿರುತ್ತದೆ. ನಿಂತ ಗಾಲಿ ಓಡುವ ನೆಲಕ್ಕೆ ತಾಗಿದಾಗ ರಬ್ಬರು ಉಜ್ಜಿ ಕಾಯುತ್ತದೆ, ಹೊಗೆಯಾಡುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಗಾಲಿ ನಿಮಿಷಕ್ಕೆ ಸುಮಾರು 1,200 ಸುತ್ತಿನ ವೇಗಕ್ಕೆ ಏರಿರುತ್ತದೆ. ಅಲ್ಲಿಗೆ ಹೊಗೆಯೂ ನಿಲ್ಲುತ್ತದೆ.

ಈ ಗಾಲಿ ಎಷ್ಟು ಬೇಗ ವೇಗ ಪಡೆಯಿತು, ಆ ಹೊತ್ತಿನಲ್ಲಿ ಎಷ್ಟು ಸುತ್ತು ತಿರುಗಿತು, ಎಷ್ಟು ದೂರ ರಬ್ಬರು ಉಜ್ಜಿತು, ಆಮೇಲೆ ಬ್ರೇಕ್ ಹಿಡಿದಾಗ ನಿಲ್ಲಲು ಎಷ್ಟು ಸುತ್ತು ಬೇಕು? ಇವಕ್ಕೆಲ್ಲ ಉತ್ತರ ಕೊಡಲು ಹೊಸ ಗಣಿತ ಬೇಕಿಲ್ಲ. ಒಂಬತ್ತನೇ ತರಗತಿಯಲ್ಲಿ ಕಲಿತ ಚಲನೆಯ ಮೂರು ಸಮೀಕರಣಗಳೇ ಸಾಕು. ನೇರ ದಾರಿಯ ಲೆಕ್ಕಕ್ಕೆಂದು ಕಲಿತ ಅವು ತಿರುಗುವ ಗಾಲಿಗೂ ಅಕ್ಷರ ಬದಲಿಸಿದರೆ ಸಾಕು, ಹಾಗೆಯೇ ಹೊಂದುತ್ತವೆ. ಎಚ್ಚರ ಬೇಕಾದ ಜಾಗ ಒಂದೇ: ಗಾಲಿಯ ತಿರುಗಾಟಕ್ಕೂ ವಿಮಾನದ ಓಟಕ್ಕೂ ಇರುವ ನಂಟು ಯಾವಾಗ ಇದೆ, ಯಾವಾಗ ಕಡಿದಿದೆ ಎಂಬುದು.

ದೂರದ ಜಾಗದಲ್ಲಿ ಕೋನ

ನೇರ ದಾರಿಯಲ್ಲಿ ಓಡುವ ವಸ್ತುವಿಗೆ ಮೂರು ಅಳತೆಗಳಿವೆ: ಎಷ್ಟು ದೂರ ಹೋಯಿತು (s), ಎಷ್ಟು ವೇಗದಲ್ಲಿದೆ (v), ಆ ವೇಗ ಸೆಕೆಂಡಿಗೆ ಎಷ್ಟರಂತೆ ಏರುತ್ತಿದೆ ಅಥವಾ ಇಳಿಯುತ್ತಿದೆ (a). ಮೂರನೆಯದನ್ನೇ ವೇಗೋತ್ಕರ್ಷ ಎನ್ನುತ್ತೇವೆ. ತಿರುಗುವ ಗಾಲಿಗೂ ಇಂಥವೇ ಮೂರು ಅಳತೆಗಳು: ಎಷ್ಟು ಕೋನ ತಿರುಗಿತು (θ), ಸೆಕೆಂಡಿಗೆ ಎಷ್ಟು ಕೋನ ತಿರುಗುತ್ತಿದೆ (ω, ಕೋನೀಯ ವೇಗ), ಆ ಕೋನೀಯ ವೇಗ ಸೆಕೆಂಡಿಗೆ ಎಷ್ಟರಂತೆ ಬದಲಾಗುತ್ತಿದೆ (α, ಕೋನೀಯ ವೇಗೋತ್ಕರ್ಷ). ವೇಗೋತ್ಕರ್ಷ ಒಂದೇ ಸಮನಾಗಿದ್ದರೆ ಎರಡೂ ಕಡೆಯ ಸಮೀಕರಣಗಳು ಹೀಗೆ ಎದುರುಬದುರು ನಿಲ್ಲುತ್ತವೆ:

| ನೇರ ಚಲನೆ | ತಿರುಗುವ ಚಲನೆ |
|---|---|
| v = u + at | ω = ω₀ + αt |
| s = ut + ½at² | θ = ω₀t + ½αt² |
| v² = u² + 2as | ω² = ω₀² + 2αθ |

ಈ ಹೋಲಿಕೆ ಆಕಸ್ಮಿಕವಲ್ಲ. ಎಡಗಡೆಯ ಸಮೀಕರಣಗಳು ಹುಟ್ಟಿದ್ದು ಒಂದೇ ಮಾತಿನಿಂದ: ಒಂದು ಅಳತೆ ಬದಲಾಗುವ ವೇಗವೇ ಒಂದೇ ಸಮನಾಗಿ ಏರುತ್ತಿದೆ ಅಥವಾ ಇಳಿಯುತ್ತಿದೆ. ಆ ಅಳತೆ ಮೀಟರಿನಲ್ಲಿದೆಯೋ ಕೋನದಲ್ಲಿದೆಯೋ ಎಂಬುದು ಗಣಿತಕ್ಕೆ ಬೇಕಿಲ್ಲ. ಆದ್ದರಿಂದ ಅದೇ ಮಾತನ್ನು ಕೋನದ ಬಗ್ಗೆ ಹೇಳಿದರೆ ಅವೇ ಮೂರು ಸಮೀಕರಣಗಳು ಬಲಗಡೆ ಬಂದು ನಿಲ್ಲುತ್ತವೆ.

ಕೋನವನ್ನು ಡಿಗ್ರಿಯಲ್ಲಿ ಅಳೆಯದೆ ರೇಡಿಯನ್ನಿನಲ್ಲಿ ಅಳೆಯುವುದಕ್ಕೆ ಕಾರಣವಿದೆ. ಗಾಲಿಯ ತ್ರಿಜ್ಯದಷ್ಟೇ ಉದ್ದದ ದಾರವನ್ನು ಅದರ ಅಂಚಿನ ಮೇಲೆ ಬಾಗಿಸಿ ಇಟ್ಟರೆ, ಆ ದಾರ ಗಾಲಿಯ ನಡುವಿನಲ್ಲಿ ಮಾಡುವ ಕೋನವೇ ಒಂದು ರೇಡಿಯನ್. ಪೂರ್ತಿ ಒಂದು ಸುತ್ತಿಗೆ ಅಂಥ 2π, ಅಂದರೆ ಸುಮಾರು 6.28 ದಾರಗಳು ಹಿಡಿಯುತ್ತವೆ. ಹೀಗೆ ಅಳೆದಾಗ ಕೋನವನ್ನು ತ್ರಿಜ್ಯದಿಂದ ಗುಣಿಸಿದರೆ ಅಂಚು ಸಾಗಿದ ದೂರ ನೇರವಾಗಿ ಸಿಗುತ್ತದೆ: s = rθ. ಅದೇ ರೀತಿ v = rω, a = rα. ಇವು ಎರಡು ಪಟ್ಟಿಗಳ ನಡುವಿನ ಸೇತುವೆ. ಗಾಲಿ ಜಾರದೆ ಉರುಳುತ್ತಿದ್ದರೆ ಅದರ ಅಂಚು ಎಷ್ಟು ದೂರ ಸಾಗಿತೋ ವಾಹನವೂ ಅಷ್ಟೇ ದೂರ ಸಾಗಿರುತ್ತದೆ. ಜಾರಿದರೆ ಸೇತುವೆ ಮುರಿಯುತ್ತದೆ. ಆಗಲೂ ಪಟ್ಟಿಯ ಎಡಗಡೆ ವಿಮಾನಕ್ಕೆ ಸರಿ, ಬಲಗಡೆ ಗಾಲಿಗೆ ಸರಿ. ಆದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಹಾಗಿಲ್ಲ.

ಮೇಲೇರುವ ಮುನ್ನ: ನಿಧಾನದ ಏರಿಕೆ

ನಮ್ಮ ದೇಶದ ಒಳಪ್ರಯಾಣದಲ್ಲಿ ಹೆಚ್ಚಾಗಿ ಕಾಣುವ ಏರ್‌ಬಸ್ ಎ320 ವಿಮಾನವನ್ನೇ ತೆಗೆದುಕೊಳ್ಳೋಣ. ಅದರ ಮುಖ್ಯ ಗಾಲಿಯ ಟೈರಿನ ವ್ಯಾಸ 46 ಇಂಚು, ಅಂದರೆ ಸುಮಾರು 1.17 ಮೀಟರ್. ಭಾರ ಬಿದ್ದಾಗ ಟೈರು ಸ್ವಲ್ಪ ಚಪ್ಪಟೆಯಾಗುವುದರಿಂದ ಲೆಕ್ಕಕ್ಕೆ ತ್ರಿಜ್ಯವನ್ನು 0.56 ಮೀಟರ್ ಎಂದು ಇಟ್ಟುಕೊಳ್ಳುತ್ತೇನೆ.

ಮೊದಲು ಸುಲಭದ ಲೆಕ್ಕ. ವಿಮಾನ ನಿಂತಲ್ಲಿಂದ ಹೊರಟು 35 ಸೆಕೆಂಡಿನಲ್ಲಿ ಸೆಕೆಂಡಿಗೆ 78.4 ಮೀಟರ್ ವೇಗ ಪಡೆದು ನೆಲ ಬಿಡುತ್ತದೆ ಎನ್ನೋಣ. ಅದು ಗಂಟೆಗೆ ಸುಮಾರು 282 ಕಿಲೋಮೀಟರ್. ಇಲ್ಲಿ ಟೈರು ಜಾರುವುದಿಲ್ಲ, ಸೇತುವೆ ಗಟ್ಟಿಯಾಗಿದೆ. ನೆಲ ಬಿಡುವಾಗ ಗಾಲಿಯ ಕೋನೀಯ ವೇಗ

ω = v / r = 78.4 / 0.56 = 140 ರೇಡಿಯನ್/ಸೆ

ಸೊನ್ನೆಯಿಂದ 140ಕ್ಕೆ 35 ಸೆಕೆಂಡಿನಲ್ಲಿ ಏರಿದ್ದರಿಂದ α = 140 / 35 = 4 ರೇಡಿಯನ್/ಸೆ². ಅಂದರೆ ಪ್ರತಿ ಸೆಕೆಂಡಿಗೂ ಗಾಲಿಯ ಕೋನೀಯ ವೇಗ 4ರಂತೆ ಹೆಚ್ಚುತ್ತಾ ಹೋಯಿತು. ಈ ಹೊತ್ತಿನಲ್ಲಿ ತಿರುಗಿದ ಕೋನ

θ = ½ × 4 × 35² = 2,450 ರೇಡಿಯನ್

6.28ರಿಂದ ಭಾಗಿಸಿದರೆ 390 ಸುತ್ತು. ಉತ್ತರ ಸರಿಯಿದೆಯೇ ಎಂದು ನೋಡಲು ಸೇತುವೆ ದಾಟಿ ಇನ್ನೊಂದು ಕಡೆಯಿಂದ ಬರಬಹುದು. 2,450ನ್ನು 0.56ರಿಂದ ಗುಣಿಸಿದರೆ 1,372 ಮೀಟರ್. ವಿಮಾನದ ನೇರ ವೇಗೋತ್ಕರ್ಷ 78.4 / 35 = 2.24 ಮೀ/ಸೆ². ಅದರಿಂದ ಲೆಕ್ಕ ಹಾಕಿದರೆ ½ × 2.24 × 35², ಅದೂ 1,372 ಮೀಟರ್. ಎರಡು ದಾರಿಯಿಂದಲೂ ಒಂದೇ ಊರು ಸೇರಿದೆವು. ಗಾಲಿ ಉರುಳುತ್ತಿರುವ ಯಾವ ಲೆಕ್ಕವನ್ನಾದರೂ ಹೀಗೆ ತಾಳೆ ನೋಡಬಹುದು.

ನೆಲ ಬಿಟ್ಟ ಮೇಲೆ ನಡೆಯುವುದು ಇದಕ್ಕೆ ತದ್ವಿರುದ್ಧ. ಗಾಲಿಗಳು ಇನ್ನೂ 140 ರೇಡಿಯನ್ ವೇಗದಲ್ಲಿ ಗಾಳಿಯಲ್ಲೇ ತಿರುಗುತ್ತಿರುತ್ತವೆ. ಅವನ್ನು ಹಾಗೆಯೇ ಹೊಟ್ಟೆಯೊಳಗೆ ಮಡಚಿಕೊಳ್ಳುವುದು ಸರಿಯಲ್ಲ. ಆದ್ದರಿಂದ ಗಾಲಿ ಎತ್ತುವಾಗ ಮುಖ್ಯ ಗಾಲಿಗಳ ಬ್ರೇಕ್ ತಾನಾಗಿಯೇ ಹಿಡಿದು ಅವನ್ನು ನಿಲ್ಲಿಸುತ್ತದೆ. ಅದಕ್ಕೆ ಎರಡು ಸೆಕೆಂಡ್ ಹಿಡಿಯಿತು ಎಂದು ಇಟ್ಟುಕೊಂಡರೆ α = −70 ರೇಡಿಯನ್/ಸೆ². ನಿಲ್ಲುವ ಮೊದಲು ಗಾಲಿ ತಿರುಗಿದ್ದು 140 ರೇಡಿಯನ್, ಸುಮಾರು 22 ಸುತ್ತು. ಈ ಹೊತ್ತಿನಲ್ಲಿ ವಿಮಾನದ ವೇಗ ಇಳಿಯಲಿಲ್ಲ, ಏರುತ್ತಲೇ ಇತ್ತು. ಗಾಲಿ ನೆಲಕ್ಕೆ ತಾಗಿಲ್ಲವಾದ್ದರಿಂದ v = rω ಎಂಬ ನಂಟೇ ಇಲ್ಲ. ಬಲಗಡೆಯ ಪಟ್ಟಿ ಎಡಗಡೆಯ ನೆರವಿಲ್ಲದೆ ತನ್ನ ಕಾಲ ಮೇಲೆ ನಿಲ್ಲಬಲ್ಲದು ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಹೊಗೆಯ ಲೆಕ್ಕ

ಈಗ ಇಳಿಯುವ ಕ್ಷಣಕ್ಕೆ ಬರೋಣ. ವಿಮಾನ ಸೆಕೆಂಡಿಗೆ 70 ಮೀಟರ್, ಅಂದರೆ ಗಂಟೆಗೆ 252 ಕಿಲೋಮೀಟರ್ ವೇಗದಲ್ಲಿ ನೆಲ ಮುಟ್ಟುತ್ತದೆ. ಅದಕ್ಕೆ ತಕ್ಕಂತೆ ಜಾರದೆ ಉರುಳಬೇಕಾದರೆ ಗಾಲಿಯ ವೇಗ 70 / 0.56 = 125 ರೇಡಿಯನ್/ಸೆ ಆಗಬೇಕು. ಆದರೆ ಅದು ಸೊನ್ನೆಯಲ್ಲಿದೆ. ಒಣ ರನ್‌ವೇಯಲ್ಲಿ ಘರ್ಷಣೆ ಅದನ್ನು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ಮೇಲೆತ್ತಿತು ಎಂದು ಹಿಡಿಯೋಣ.

α = 125 / 0.1 = 1,250 ರೇಡಿಯನ್/ಸೆ²

ಮೇಲೇರುವಾಗ ಇದ್ದ 4ರ ಮುಂದೆ ಇದು ಮುನ್ನೂರು ಪಟ್ಟಿಗೂ ಹೆಚ್ಚು. ಅದೇ ಗಾಲಿ, ಹೆಚ್ಚುಕಡಿಮೆ ಅದೇ ಕೊನೆಯ ವೇಗ. ಬದಲಾದದ್ದು ಸಮಯ ಮಾತ್ರ. ಇಷ್ಟರಲ್ಲಿ ಗಾಲಿ ತಿರುಗಿದ ಕೋನ

θ = ½ × 1,250 × 0.1² = 6.25 ರೇಡಿಯನ್

ಹೆಚ್ಚುಕಡಿಮೆ ಒಂದೇ ಒಂದು ಸುತ್ತು. ಅಂದರೆ ಅಷ್ಟು ದೊಡ್ಡ ಗಾಲಿ ನಿಮಿಷಕ್ಕೆ 1,200 ಸುತ್ತಿನ ವೇಗ ಪಡೆದದ್ದು ಒಂದು ಸುತ್ತು ಮುಗಿಯುವುದರೊಳಗೆ.

ಇಲ್ಲಿ ಸೇತುವೆ ಮುರಿದಿದೆ. ಆದರೆ ಎಷ್ಟು ಮುರಿದಿದೆ ಎಂಬುದನ್ನೂ ಲೆಕ್ಕ ಹಾಕಬಹುದು. ಗಾಲಿಯ ಅಂಚು ಸಾಗಿದ್ದು 6.25 × 0.56 = 3.5 ಮೀಟರ್. ಅದೇ 0.1 ಸೆಕೆಂಡಿನಲ್ಲಿ ವಿಮಾನ ಸಾಗಿದ್ದು 7 ಮೀಟರ್. ಉಳಿದ 3.5 ಮೀಟರನ್ನು ಟೈರು ಉರುಳದೆ ಉಜ್ಜಿಕೊಂಡೇ ದಾಟಿತು. ನಾವು ಕಂಡ ಹೊಗೆ ಈ 3.5 ಮೀಟರಿನದು. ವಿಮಾನ ನಿಲ್ದಾಣದ ರನ್‌ವೇಯ ತುದಿಗಳಲ್ಲಿ ಕಾಣುವ ಕಪ್ಪು ಪಟ್ಟೆಗಳು ಹೀಗೆ ಒಂದರ ಮೇಲೊಂದು ಬಿದ್ದ ರಬ್ಬರಿನಿಂದ ಆದವು. ಪಟ್ಟೆ ದಪ್ಪವಾದಷ್ಟೂ ಮಳೆಯಲ್ಲಿ ನೆಲ ಜಾರುವುದರಿಂದ ಅದನ್ನು ಆಗಾಗ ಕೆರೆದು ತೆಗೆಯುತ್ತಾರೆ.

ಗಾಲಿಯ ವೇಗ ಒಂದೇ ಸಮನಾಗಿ ಏರಿದರೆ ಉಜ್ಜುವ ದೂರ ಯಾವಾಗಲೂ ವಿಮಾನ ಸಾಗಿದ ದೂರದ ಅರ್ಧ. ಏರಲು ಹಿಡಿದ ಸಮಯ ಎಷ್ಟೇ ಇರಲಿ, ಗಾಲಿಯ ಸರಾಸರಿ ವೇಗ ಕೊನೆಯ ವೇಗದ ಅರ್ಧವೇ ಆಗಿರುತ್ತದೆ. ಆದರೆ "ಒಂದೇ ಸಮನಾಗಿ" ಎಂಬ ಮಾತಿನ ಮೇಲೆ ಇಡೀ ಲೆಕ್ಕ ನಿಂತಿದೆ. ನಿಜದಲ್ಲಿ ನೆಲ ಮುಟ್ಟಿದ ಮೊದಲ ಗಳಿಗೆಯಲ್ಲಿ ರೆಕ್ಕೆಗಳೇ ವಿಮಾನದ ಬಹುಪಾಲು ಭಾರ ಹೊತ್ತಿರುತ್ತವೆ. ಗಾಲಿಯ ಮೇಲೆ ಭಾರ ಬೀಳುತ್ತಾ ಹೋದಂತೆ ಘರ್ಷಣೆ ಬೆಳೆಯುತ್ತದೆ, α ಕೂಡ ಬೆಳೆಯುತ್ತದೆ. α ಸೊನ್ನೆಯಿಂದ ಹೊರಟು ಸಮಯದ ಜೊತೆ ಸಮನಾಗಿ ಏರಿತು ಎಂದಿಟ್ಟುಕೊಂಡರೆ ಗಾಲಿಯ ಸರಾಸರಿ ವೇಗ ಕೊನೆಯ ವೇಗದ ಅರ್ಧವಲ್ಲ, ಮೂರನೇ ಒಂದು ಭಾಗ. ಆಗ ಅಂಚು ಸಾಗುವುದು 2.3 ಮೀಟರ್, ಉಜ್ಜುವುದು 4.7 ಮೀಟರ್. ಹಾಗಾಗಿ 3.5 ಎಂಬುದನ್ನು ಕೆಳಗಿನ ಅಂದಾಜು ಎಂದು ತಿಳಿಯುವುದು ಒಳ್ಳೆಯದು. ಮೂರು ಸಮೀಕರಣಗಳ ಮಿತಿ ಇದೇ: α ಬದಲಾಗುತ್ತಿದ್ದರೆ ಅವು ಕೊಡುವುದು ಅಂದಾಜು ಮಾತ್ರ.

ಇಳಿಯುವ ಮುನ್ನವೇ ಗಾಲಿಯನ್ನು ತಿರುಗಿಸಿ ಇಟ್ಟರೆ ಈ ಉಜ್ಜಾಟವೇ ಇರುವುದಿಲ್ಲವಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಟೈರಿನ ಪಕ್ಕಕ್ಕೆ ಗಾಳಿ ಹಿಡಿಯುವ ರೆಕ್ಕೆಗಳನ್ನು ಕೂಡಿಸುವಂಥ ಹಲವು ಪೇಟೆಂಟುಗಳೂ ಇವೆ. ಒಂದು ನಿಮಿಷದ ಸಮಯ ಸಿಕ್ಕರೆ ಬೇಕಾಗುವ α ಬರೀ 2.1 ರೇಡಿಯನ್/ಸೆ². ಲೆಕ್ಕದಲ್ಲಿ ಇದು ಬಹಳ ಸುಲಭ. ಆದರೂ ಪ್ರಯಾಣಿಕ ವಿಮಾನಗಳಲ್ಲಿ ಅದು ಬಳಕೆಗೆ ಬಂದಿಲ್ಲ. ಪ್ರತಿ ಹಾರಾಟದಲ್ಲೂ ಹೊರಬೇಕಾದ ಹೆಚ್ಚಿನ ತೂಕ, ಕೆಡಬಹುದಾದ ಇನ್ನೊಂದು ಯಂತ್ರ ಇವುಗಳ ಮುಂದೆ ಉಳಿಯುವ ರಬ್ಬರು ದೊಡ್ಡದಲ್ಲ. ಟೈರು ಬ್ರೇಕಿನಲ್ಲಿ, ತಿರುವಿನಲ್ಲಿ ಸವೆಯುವುದು ಇದರಿಂದ ತಪ್ಪುವುದೂ ಇಲ್ಲ.

ಗಾಲಿ ತಿರುಗದೆ ಉಳಿದರೆ

ಗಾಲಿ ವೇಗ ಪಡೆಯುವುದು ತಡವಾದರೆ ಏನಾಗುತ್ತದೆ ಎಂಬುದನ್ನು 1993ರ ಸೆಪ್ಟೆಂಬರ್ 14ರಂದು ಪೋಲೆಂಡಿನ ವಾರ್ಸಾದಲ್ಲಿ ಜಗತ್ತು ಕಂಡಿತು. ಲುಫ್ತಾನ್ಸಾ ಸಂಸ್ಥೆಯ ಎ320 ವಿಮಾನವೊಂದು ಮಳೆಯಲ್ಲಿ, ಹಿಂಗಾಳಿಯಲ್ಲಿ, ಎಂದಿನದಕ್ಕಿಂತ ಹೆಚ್ಚಿನ ವೇಗದಲ್ಲಿ ಇಳಿಯಿತು. ರೆಕ್ಕೆಯ ಮೇಲಿನ ತಡೆಹಲಗೆಗಳು ತೆರೆದುಕೊಂಡರೆ ರೆಕ್ಕೆಯ ಎತ್ತುವ ಬಲ ಹೋಗಿ ಭಾರ ಗಾಲಿಗೆ ಬರುತ್ತದೆ. ಹಾರುವಾಗ ಅವು ಅಪ್ಪಿತಪ್ಪಿ ತೆರೆದುಕೊಳ್ಳಬಾರದೆಂದು, ವಿಮಾನ ನೆಲದ ಮೇಲಿದೆ ಎಂದು ಖಚಿತವಾದ ಮೇಲಷ್ಟೇ ತೆರೆಯುವ ಏರ್ಪಾಡಿತ್ತು. ಆ ಖಾತ್ರಿ ಎರಡು ರೀತಿಯಲ್ಲಿ ಸಿಗಬಹುದಿತ್ತು: ಎಡಬಲದ ಎರಡೂ ಗಾಲಿಕಾಲುಗಳ ಮೇಲೆ ಭಾರ ಬೀಳಬೇಕು, ಇಲ್ಲವೇ ಗಾಲಿಗಳು 72 ನಾಟ್ ವೇಗಕ್ಕೆ ಸಮನಾಗಿ ತಿರುಗುತ್ತಿರಬೇಕು.

72 ನಾಟ್ ಎಂದರೆ ಸೆಕೆಂಡಿಗೆ 37 ಮೀಟರ್. ನಮ್ಮ ತ್ರಿಜ್ಯದಲ್ಲಿ 66 ರೇಡಿಯನ್/ಸೆ. ಒಣ ನೆಲದ 1,250 ಎಂಬ α ಇದ್ದಿದ್ದರೆ ಗಾಲಿ ಅಷ್ಟಕ್ಕೆ ಏರಲು 66 / 1,250, ಅಂದರೆ 0.05 ಸೆಕೆಂಡ್ ಸಾಕಿತ್ತು. ಆದರೆ ಬಲಗಾಲಿ ಮೊದಲು ಮುಟ್ಟಿದ್ದು ನೀರು ನಿಂತ ರನ್‌ವೇಯನ್ನು. ವೇಗದಲ್ಲಿ ಓಡುವ ಟೈರಿಗೂ ಕಾಂಕ್ರೀಟಿಗೂ ನಡುವೆ ನೀರಿನ ಪದರ ಉಳಿದರೆ ಟೈರು ತೇಲಿಕೊಂಡು ಹೋಗುತ್ತದೆ. ಘರ್ಷಣೆ ಇಲ್ಲದಿದ್ದರೆ ತಿರುಗಿಸುವ ಬಲವೂ ಇಲ್ಲ. ಹೀಗೆ ಗಾಲಿ ಬೇಕಾದ ವೇಗಕ್ಕೆ ಏರಲಿಲ್ಲ. ಎಡಗಾಲಿ ನೆಲಕ್ಕೆ ಬರಲು ಸುಮಾರು 9 ಸೆಕೆಂಡ್ ಹಿಡಿಯಿತು. ಅದುವರೆಗೆ ತಡೆಹಲಗೆಗಳು ತೆರೆಯಲಿಲ್ಲ. ಆ ವೇಗದಲ್ಲಿ 9 ಸೆಕೆಂಡ್ ಎಂದರೆ ಮುಕ್ಕಾಲು ಕಿಲೋಮೀಟರ್ ರನ್‌ವೇ. ವಿಮಾನ ತುದಿ ದಾಟಿ ಮಣ್ಣಿನ ದಿಬ್ಬಕ್ಕೆ ಬಡಿಯಿತು. ಇಬ್ಬರು ಪ್ರಾಣ ಕಳೆದುಕೊಂಡರು.

ಹೊರಗಿನಿಂದ ನೋಡಿದವರಿಗೆ ವಿಮಾನ ನೆಲದ ಮೇಲೇ ಓಡುತ್ತಿತ್ತು. ಗಾಲಿಯ ಅಳತೆ ಮಾತ್ರ ಬೇರೆಯದನ್ನು ಹೇಳುತ್ತಿತ್ತು. ಟೈರು ಜಾರುತ್ತಿರುವಾಗ ω ನೋಡಿ v ಹೇಳುವಂತಿಲ್ಲ ಎಂಬುದು ಪಠ್ಯದ ಅಂಚಿನ ಟಿಪ್ಪಣಿಯಲ್ಲ. ಯಂತ್ರಗಳನ್ನು ಕಟ್ಟುವವರು ಅದನ್ನು ಪ್ರತಿ ಹೆಜ್ಜೆಯಲ್ಲೂ ಎದುರಿಸಬೇಕಾಗುತ್ತದೆ.

ಬ್ರೇಕ್: ಎರಡು ಹಂತದ ಲೆಕ್ಕ

ಗಾಲಿ 125 ರೇಡಿಯನ್ ವೇಗ ಪಡೆದು ಜಾರದೆ ಉರುಳತೊಡಗಿದೆ, ಸೇತುವೆ ಮತ್ತೆ ಗಟ್ಟಿಯಾಗಿದೆ. ಎ320ಯಲ್ಲಿ ತಾನಾಗಿಯೇ ಹಿಡಿಯುವ ಬ್ರೇಕಿನ ಮಧ್ಯಮ ಹಂತವನ್ನು ಪೈಲಟ್ ಆರಿಸಿಕೊಂಡರೆ ವಿಮಾನದ ವೇಗ ಸೆಕೆಂಡಿಗೆ 3 ಮೀಟರಿನಂತೆ ಇಳಿಯುವ ಹಾಗೆ ಯಂತ್ರ ನೋಡಿಕೊಳ್ಳುತ್ತದೆ. ತಡೆಹಲಗೆ ತೆರೆದ ಮೇಲೆ ಬ್ರೇಕ್ ಶುರುವಾಗಲು ಎರಡು ಸೆಕೆಂಡ್ ಕಳೆಯುತ್ತವೆ. ಈ ಎರಡು ಸೆಕೆಂಡಿನ ಲೆಕ್ಕ ಬೇರೆ, ಆಮೇಲಿನ ಲೆಕ್ಕ ಬೇರೆ. ಎರಡನ್ನೂ ಒಂದೇ ಸಮೀಕರಣದಲ್ಲಿ ತುರುಕಲು ಹೋದಾಗಲೇ ಹೆಚ್ಚಿನ ವಿದ್ಯಾರ್ಥಿಗಳು ಎಡವುವುದು. α ಬದಲಾದ ಕಡೆ ಲೆಕ್ಕವನ್ನು ತುಂಡು ಮಾಡಬೇಕು. ಒಂದು ಹಂತದ ಕೊನೆಯ ವೇಗವೇ ಮುಂದಿನ ಹಂತದ ಮೊದಲ ವೇಗ.

ಮೊದಲ ಹಂತದಲ್ಲಿ ಗಾಳಿಯ ತಡೆಯನ್ನು ಬಿಟ್ಟುಬಿಟ್ಟು α = 0 ಎನ್ನೋಣ. 125 × 2 = 250 ರೇಡಿಯನ್, ಸುಮಾರು 40 ಸುತ್ತು. ಇದು 140 ಮೀಟರ್ ದೂರ.

ಎರಡನೇ ಹಂತದಲ್ಲಿ α = −3 / 0.56 = −5.36 ರೇಡಿಯನ್/ಸೆ². ಮೈನಸ್ ಗುರುತು ಹೇಳುವುದು ಇಷ್ಟೇ: ಗಾಲಿ ತಿರುಗುತ್ತಿರುವ ದಿಕ್ಕಿಗೆ ವೇಗೋತ್ಕರ್ಷ ಎದುರಾಗಿದೆ. ಇದನ್ನು ಮರೆತರೆ ಗಾಲಿ ನಿಲ್ಲುವ ಬದಲು ವೇಗ ಹೆಚ್ಚಿಸಿಕೊಂಡಂತೆ ಉತ್ತರ ಬರುತ್ತದೆ. ನಿಲ್ಲಲು ಬೇಕಾದ ಸಮಯ 125 / 5.36 = 23.3 ಸೆಕೆಂಡ್. ಕೋನಕ್ಕೆ ಸಮಯದ ಹಂಗಿಲ್ಲದ ಮೂರನೇ ಸಮೀಕರಣವೇ ಸುಲಭ:

0 = 125² − 2 × 5.36 × θ

ಇದರಿಂದ θ ಸುಮಾರು 1,458 ರೇಡಿಯನ್, ಅಂದರೆ 232 ಸುತ್ತು. 0.56ರಿಂದ ಗುಣಿಸಿದರೆ ಸುಮಾರು 816 ಮೀಟರ್. ಎಡಗಡೆಯ ಪಟ್ಟಿಯಿಂದ ಬಂದರೆ 70² / (2 × 3), ಅದೂ 816 ಮೀಟರೇ. ಎರಡೂ ಹಂತ ಸೇರಿದರೆ 272 ಸುತ್ತು, 956 ಮೀಟರ್. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ರನ್‌ವೇಗಳು ತಲಾ 4,000 ಮೀಟರ್ ಉದ್ದ. ಮಂಗಳೂರಿನ ಬೆಟ್ಟದ ಮೇಲಿನ ರನ್‌ವೇ 2,450 ಮೀಟರ್. ವಿಮಾನ ರನ್‌ವೇಯ ಮೊದಲ ಅಂಚಿನಲ್ಲೇ ಇಳಿಯುವುದಿಲ್ಲ, ಕೆಲವು ನೂರು ಮೀಟರ್ ಒಳಗೆ ಬಂದು ಮುಟ್ಟುತ್ತದೆ. ಆ ದೂರವನ್ನೂ ಸೇರಿಸಿ ನೋಡಿದರೆ ಚಿಕ್ಕ ರನ್‌ವೇಯಲ್ಲಿ ಯಾವ ಹಂತದ ಬ್ರೇಕ್ ಎಂಬುದು ಏಕೆ ಮುಖ್ಯ ಎಂದು ತಿಳಿಯುತ್ತದೆ.

ಈ 3 ಮೀಟರಿನ ಇಳಿಕೆಯಲ್ಲಿ ಬ್ರೇಕಿನದೆಷ್ಟು, ಹಿಮ್ಮುಖ ಒತ್ತಡ ಕೊಡುವ ಎಂಜಿನ್ನಿನದೆಷ್ಟು, ಗಾಳಿಯದೆಷ್ಟು ಎಂದು ನಾವು ಕೇಳಲೇ ಇಲ್ಲ. ಕೇಳಬೇಕಾಗಿಯೂ ಇಲ್ಲ. ಗಾಲಿ ಜಾರದೆ ಉರುಳುವ ತನಕ ವಿಮಾನದ ವೇಗವನ್ನು ಯಾರೇ ಇಳಿಸಲಿ, ω ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಬ್ರೇಕ್ ಎಷ್ಟು ಕಾಯುತ್ತದೆ ಎಂದು ತಿಳಿಯಬೇಕಾದರೆ ಮಾತ್ರ ಬಲದ ಲೆಕ್ಕಕ್ಕೆ ಹೋಗಬೇಕು.

ಅಳತೆಯ ಬಗ್ಗೆ ಇನ್ನೊಂದು ಮಾತು. ಯಂತ್ರಗಳ ಮೇಲೆ ಬರೆದಿರುವುದು ನಿಮಿಷಕ್ಕೆ ಇಷ್ಟು ಸುತ್ತು ಎಂದು. 1,200 ಎಂಬುದನ್ನೇ ω ಜಾಗದಲ್ಲಿ ಹಾಕಿದರೆ ಉತ್ತರ ಹತ್ತಿರವೂ ಬರುವುದಿಲ್ಲ. 2πಯಿಂದ ಗುಣಿಸಿ 60ರಿಂದ ಭಾಗಿಸಿದ ಮೇಲಷ್ಟೇ ಅದು 125.7 ರೇಡಿಯನ್/ಸೆ ಆಗುತ್ತದೆ. ತ್ರಿಜ್ಯದ ಬದಲು ವ್ಯಾಸ ಬಳಸಿದರೆ ಉತ್ತರ ಎರಡು ಪಟ್ಟಾಗುತ್ತದೆ, ಇಲ್ಲವೇ ಅರ್ಧವಾಗುತ್ತದೆ. ಎರಡು ಕಡೆಯಿಂದ ತಾಳೆ ನೋಡುವ ಅಭ್ಯಾಸವಿದ್ದರೆ ಇಂಥ ತಪ್ಪುಗಳು ಬೇಗ ಸಿಕ್ಕಿಬೀಳುತ್ತವೆ.

ಅರ್ಧ ಸುತ್ತಿನೊಳಗೆ ಬಿಡಬೇಕು

ಬ್ರೇಕ್ ಬಿಗಿಯಾಗಿ ಹಿಡಿದು ಗಾಲಿ ಜಾರತೊಡಗಿದರೆ ಅದನ್ನು ಕಂಡುಹಿಡಿಯುವುದು ಹೇಗೆ? α ನೋಡಿಯೇ. ಒಣ ಕಾಂಕ್ರೀಟಿನ ಮೇಲೆ ಘರ್ಷಣಾಂಕ 0.8 ಎಂದು ಉದಾರವಾಗಿ ಹಿಡಿದರೂ ಬರೀ ಬ್ರೇಕಿನಿಂದ ವಿಮಾನದ ವೇಗ ಸೆಕೆಂಡಿಗೆ 7.8 ಮೀಟರಿಗಿಂತ ಹೆಚ್ಚು ಇಳಿಯಲಾರದು. ಉರುಳುವ ಗಾಲಿಗೆ ಅದು 14 ರೇಡಿಯನ್/ಸೆ². ಗಾಲಿಯ ವೇಗ ಸೆಕೆಂಡಿಗೆ ನೂರಾರು ರೇಡಿಯನ್ನಿನಂತೆ ಇಳಿಯುತ್ತಿದ್ದರೆ ವಿಮಾನ ಅಷ್ಟು ಬೇಗ ನಿಧಾನವಾಗಿರಲು ಸಾಧ್ಯವೇ ಇಲ್ಲ. ಗಾಲಿ ಜಾರುತ್ತಿದೆ ಎಂದೇ ಅರ್ಥ.

ವಿಮಾನದ ಜಾರುತಡೆ ವ್ಯವಸ್ಥೆ ಇದನ್ನು ಗಾಲಿಯ ವೇಗವನ್ನೂ ವಿಮಾನದ ವೇಗವನ್ನೂ ಹೋಲಿಸಿ ಮಾಡುತ್ತದೆ. ಎ320ಯಲ್ಲಿ ಗಾಲಿಯ ವೇಗ ಇರಬೇಕಾದ್ದರ 0.87 ಪಟ್ಟಿಗಿಂತ ಕೆಳಗಿಳಿದರೆ ಆ ಗಾಲಿಯ ಬ್ರೇಕ್ ಸಡಿಲಿಸಲು ಆದೇಶ ಹೋಗುತ್ತದೆ. ಗಾಲಿ 0.2 ಸೆಕೆಂಡಿನಲ್ಲಿ ಪೂರ್ತಿ ನಿಂತುಹೋಗುವಷ್ಟು ಬಿಗಿಯಾಗಿ ಬ್ರೇಕ್ ಹಿಡಿದಿದೆ ಎನ್ನೋಣ, ಅಂದರೆ α = −625. 125ರಿಂದ 0.87 × 125 = 108.75ಕ್ಕೆ ಇಳಿಯಲು ಹಿಡಿಯುವ ಸಮಯ 16.25 / 625 = 0.026 ಸೆಕೆಂಡ್. ಅಷ್ಟರಲ್ಲಿ ಗಾಲಿ ತಿರುಗುವುದು ಸುಮಾರು 3 ರೇಡಿಯನ್, ಅರ್ಧ ಸುತ್ತೂ ಅಲ್ಲ. ಇನ್ನು 0.17 ಸೆಕೆಂಡ್ ಸುಮ್ಮನಿದ್ದರೆ ಗಾಲಿ ಪೂರ್ತಿ ನಿಲ್ಲುತ್ತದೆ. ಆಗ ಟೈರಿನ ಒಂದೇ ಜಾಗ ನೆಲಕ್ಕೆ ಉಜ್ಜಿ ಚಪ್ಪಟೆಯಾಗಿ ಸವೆದು ಒಡೆಯಬಹುದು. ಮನುಷ್ಯನ ಕಾಲು ಇಷ್ಟು ಬೇಗ ಬ್ರೇಕ್ ಬಿಡಲಾರದು. ಗಾಲಿಗೊಂದರಂತೆ ವೇಗ ಅಳೆಯುವ ಸಾಧನ ಇರುವುದು ಈ ಕಾರಣಕ್ಕೆ.

ನೇರ ಚಲನೆಯ ಪಟ್ಟಿಯಲ್ಲಿ ಕಾಣದ ಒಂದು ಸಂಗತಿಯೂ ಗಾಲಿಯಲ್ಲಿದೆ. ನೇರ ದಾರಿಯಲ್ಲಿ a = 0 ಎಂದರೆ ವೇಗೋತ್ಕರ್ಷವೇ ಇಲ್ಲ. ಗಾಲಿಯಲ್ಲಿ α = 0 ಆಗಿದ್ದರೂ ಅಂಚಿನ ರಬ್ಬರು ಪ್ರತಿ ಕ್ಷಣ ದಿಕ್ಕು ಬದಲಿಸುತ್ತಿರುತ್ತದೆ. ಹಾಗಾಗಿ ಅದಕ್ಕೆ ನಡುವಿನ ಕಡೆಗೆ ω²r ಅಳತೆಯ ಇನ್ನೊಂದು ವೇಗೋತ್ಕರ್ಷ ಇರುತ್ತದೆ. 125² × 0.56 = 8,750 ಮೀ/ಸೆ², ಭೂಮಿಯ ಗುರುತ್ವದ ಸುಮಾರು 890 ಪಟ್ಟು. ಗಾಲಿಗೆ ವೇಗ ಹತ್ತಿದ 0.1 ಸೆಕೆಂಡಿನಲ್ಲಿ α ಅಂಚಿಗೆ ಕೊಟ್ಟದ್ದು rα = 700 ಮೀ/ಸೆ² ಮಾತ್ರ. ವಿಮಾನದ ಟೈರಿಗೆ ಇಂತಿಷ್ಟು ವೇಗದವರೆಗೆ ಎಂಬ ಮಿತಿ ಗೊತ್ತುಮಾಡುವುದರಲ್ಲಿ ಈ ω²r ಮುಖ್ಯವಾದದ್ದು.

ಚಳ್ಳಕೆರೆಯ ಪುಷ್ಪಕ್

ಮೂರನೇ ಸಮೀಕರಣದ ಬಲ ಚೆನ್ನಾಗಿ ಕಾಣುವ ಜಾಗ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿದೆ. 2024ರ ಜೂನ್ 23ರಂದು ಇಸ್ರೋ ತನ್ನ ಮರುಬಳಕೆಯ ರೆಕ್ಕೆನೌಕೆ 'ಪುಷ್ಪಕ್' ಅನ್ನು ಚಳ್ಳಕೆರೆಯ ವೈಮಾನಿಕ ಪರೀಕ್ಷಾ ವಲಯದಲ್ಲಿ ಮೂರನೇ ಸಲ ಇಳಿಸಿತು. ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು 4.5 ಕಿಲೋಮೀಟರ್ ಎತ್ತರದಿಂದ ಬಿಟ್ಟಿತು. ನೌಕೆ ತಾನಾಗಿಯೇ ದಾರಿ ಸರಿಪಡಿಸಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ರನ್‌ವೇಗೆ ಇಳಿಯಿತು. ಬ್ರೇಕ್ ಪ್ಯಾರಾಚೂಟ್ ಆ ವೇಗವನ್ನು ಸುಮಾರು 100ಕ್ಕೆ ಇಳಿಸಿತು. ಆಮೇಲೆ ಗಾಲಿಯ ಬ್ರೇಕುಗಳು ಹಿಡಿದವು.

ಇದರ ಗಾಲಿಯ ತ್ರಿಜ್ಯ ಗೊತ್ತಿಲ್ಲದೆಯೇ ಒಂದು ಮುಖ್ಯ ಲೆಕ್ಕ ಮಾಡಬಹುದು. ನಿಲ್ಲುವವರೆಗೆ ತಿರುಗುವ ಕೋನ θ = ω₀² / 2α. ಬ್ರೇಕ್ ಎರಡೂ ಸಲ ಒಂದೇ α ಕೊಡುತ್ತದೆ ಎಂದಿಟ್ಟುಕೊಂಡರೆ ಕೋನ ಮೊದಲ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಗಾಲಿ ಉರುಳುತ್ತಿರುವುದರಿಂದ ω ಮತ್ತು v ಒಂದೇ ಅನುಪಾತದಲ್ಲಿವೆ, ತ್ರಿಜ್ಯ ತಾನೇ ಬಿಟ್ಟುಹೋಗುತ್ತದೆ. 320ನ್ನು 100ರಿಂದ ಭಾಗಿಸಿದರೆ 3.2, ಅದರ ವರ್ಗ 10.24. ಅಂದರೆ 320ರಿಂದಲೇ ಬ್ರೇಕ್ ಹಿಡಿದಿದ್ದರೆ ಗಾಲಿ ತಿರುಗಬೇಕಿದ್ದ ಸುತ್ತುಗಳಲ್ಲಿ ಹತ್ತನೇ ಒಂದು ಭಾಗದಷ್ಟು ಮಾತ್ರ ಈಗ ಬ್ರೇಕಿನ ಪಾಲಿಗೆ ಉಳಿಯಿತು. ಬ್ರೇಕ್ ನುಂಗಬೇಕಾದ ಶಕ್ತಿಯೂ ವೇಗದ ವರ್ಗಕ್ಕೆ ತಕ್ಕಂತೆಯೇ ಇರುವುದರಿಂದ ಅದೂ ಹತ್ತನೇ ಒಂದು ಭಾಗಕ್ಕೆ ಇಳಿಯಿತು. ವೇಗವನ್ನು ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಕೆಳಗೆ ತಂದ ಪ್ಯಾರಾಚೂಟ್, ಬ್ರೇಕಿನ ಕೆಲಸದಲ್ಲಿ ಹತ್ತರಲ್ಲಿ ಒಂಬತ್ತು ಪಾಲನ್ನು ತಾನೇ ಮುಗಿಸಿತ್ತು.

ಸೈಕಲ್ಲಿನ ಗಾಲಿಯಿರಲಿ, ಸಾಣೆಕಲ್ಲಿರಲಿ, ಫ್ಯಾನಿರಲಿ, ತಿರುಗಾಟದ ಲೆಕ್ಕ ಕೈಗೆ ಬಂದಾಗ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಇವೇ ಮೂರು. ಕೋನೀಯ ವೇಗೋತ್ಕರ್ಷ ಒಂದೇ ಸಮನಾಗಿದೆಯೇ? ಇಲ್ಲವಾದರೆ ಎಲ್ಲಿ ತುಂಡು ಮಾಡಬೇಕು? ನೇರ ಚಲನೆಯ ಕಡೆಗೆ ದಾಟಬೇಕಾದರೆ ಗಾಲಿ ಜಾರದೆ ಉರುಳುತ್ತಿದೆಯೇ? ಈ ಮೂರಕ್ಕೆ ಉತ್ತರ ಸಿಕ್ಕಿದ ಮೇಲೆ ಉಳಿಯುವುದು ಗುಣಾಕಾರ ಭಾಗಾಕಾರ ಮಾತ್ರ. ಹೊಗೆ ಎಬ್ಬಿಸಿದ ಆ ಮೊದಲ 0.1 ಸೆಕೆಂಡಿನಲ್ಲಿ ಮೂರನೇ ಪ್ರಶ್ನೆಯ ಉತ್ತರ 'ಇಲ್ಲ' ಎಂದಿತ್ತು, ಅದಕ್ಕೇ ಅಲ್ಲಿ ಗಾಲಿಗೂ ವಿಮಾನಕ್ಕೂ ಬೇರೆ ಬೇರೆ ಲೆಕ್ಕ ಹಾಕಬೇಕಾಯಿತು.